ಮಹಾನಂದಾ ಬರೆದ ಕಡೆಯ ದಿನ

ನನ್ನ ಅಂಗಡಿಯಲ್ಲಿ ಕಡೆಯ ದಿನ ಅನ್ನುವುದು ಒಂದೊಂದು ಹಬ್ಬಕ್ಕೆ ಐದಾರು ಸಲ ಬರುತ್ತದೆ. ಸೋಮವಾರ ‘ಇಂದೇ ಕಡೆಯ ದಿನ’, ಮಂಗಳವಾರ ‘ಗ್ರಾಹಕರ ಒತ್ತಾಯದ ಮೇರೆಗೆ ಇನ್ನೆರಡು ದಿನ’, ಗುರುವಾರ ‘ನಿಜವಾಗಿಯೂ ಕಡೆಯ ದಿನ’. ಒತ್ತಾಯ ಮಾಡಿದ ಗ್ರಾಹಕರು ಯಾರೆಂದು ಇದುವರೆಗೆ ಯಾರೂ ಕೇಳಿಲ್ಲ. ಕೇಳಿದ್ದರೆ ನನ್ನ ಹೆಂಡತಿಯ ಹೆಸರು ಹೇಳುತ್ತಿದ್ದೆ. ಇಳಕಲ್ಲಿನ ಪೇಟೆಯಲ್ಲಿ ಸೀರೆ ಮಾರುವ ನಾವೆಲ್ಲ ಹೀಗೇ ಮಾಡುತ್ತೇವೆ. ನೆಟ್ಟಗೆ ಒಂದೇ ಸಲ ಸೇಲು ಮುಗಿಸಿದವನನ್ನು ನಾನು ಕಂಡದ್ದು ಒಬ್ಬನನ್ನೇ, ಅವನು ದಿವಾಳಿಯಾಗಿದ್ದ.

ಈ ಕಡೆಯ ದಿನಗಳನ್ನೆಲ್ಲ ಮೂರು ವರ್ಷದಿಂದ ಬರೆದುಕೊಡುತ್ತಿದ್ದವಳು ಮಹಾನಂದಾ ಗೋಟೂರ. ಕೈಮಗ್ಗದ ನೇಕಾರ ವಿರೂಪಣ್ಣನ ಹೆಂಡತಿ, ನಲವತ್ತರ ಆಚೀಚೆ ವಯಸ್ಸು. ಪಿ.ಯು.ಸಿ.ವರೆಗೆ ಓದಿದ್ದಾಳೆ. ಮದುವೆಯಾಗಿ ಈ ಊರಿಗೆ ಬಂದ ಮೇಲೆ ಕಲಿತದ್ದು ಕೊಂಡಿ ಹಾಕುವುದನ್ನು. ಇಳಕಲ್ಲ ಸೀರೆಯ ಒಡಲಿನ ಹಾಸು, ಅಂದರೆ ಮಗ್ಗಕ್ಕೆ ಕಟ್ಟುವ ಉದ್ದನೆಯ ಎಳೆಗಳು, ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಕ್ಕೆ ಹಾಕಿದ ಹಾಗೆ ಒಂದರೊಳಗೊಂದು ಸಿಕ್ಕಿಸಿ ಕೂಡಿಸಬೇಕು. ಸಾವಿರಾರು ಎಳೆ, ಪ್ರತಿ ಸೀರೆಗೂ ಹೊಸದಾಗಿ. ಆ ಕೆಲಸ ಮಾಡಿದವರಿಗೆ ಕಣ್ಣು ಚೂಪಾಗುತ್ತದೆ, ನಾಲಿಗೆಯೂ ಚೂಪಾಗುತ್ತದೆಂದು ನನ್ನ ಅನುಭವ.

ಒಂದು ದಿನ ಗಂಡ ನೇಯ್ದ ಸೀರೆ ಕೊಡಲು ಬಂದವಳು ನನ್ನ ಬಾಗಿಲ ಹಲಗೆಯ ಮುಂದೆ ನಿಂತಳು.

“ಸಾವ್ಕಾರ್ರ, ‘ಭಾರೀ ಭಾರೀ ಭಾರೀ ರಿಯಾಯಿತಿ’ ಅಂತ ಬರದೀರಿ. ಎಷ್ಟಂತ ಎಲ್ಲಿ ಐತ್ರಿ?”

“ಒಳಗ ಬಂದು ಕೇಳ್ಲಿ ಅಂತ ಬರದಿಲ್ಲವ್ವ.”

“ಬಿಸಲಾಗ ನಿಂತ ಹೆಣಮಗಳು ಒಳಗ ಬಂದು ಕೇಳೂದಿಲ್ರಿ, ಮುಂದಿನ ಅಂಗಡಿಗೆ ಹೊಕ್ಕಾಳ.”

ಹಲಗೆಯನ್ನು ಒರೆಸಿ ತಾನೇ ಬರೆದಳು: ‘ಆರ್ನೂರೈವತ್ತರ ಸೀರಿ ಐನೂರಾ ಎಂಬತ್ತು. ನೋಡಾಕ ರೊಕ್ಕ ಇಲ್ಲ.’ ಆ ಸಂಜೆ ಹನ್ನೊಂದು ಸೀರೆ ಹೋದವು. ಮರುದಿನದಿಂದ ಮಧ್ಯಾಹ್ನ ಒಂದು ತಾಸು ಅಂಗಡಿಗೆ ಬಂದು ನನ್ನ ಫೋನಿನಲ್ಲಿ ಸೇಲಿನ ಪೋಸ್ಟುಗಳನ್ನು ಬರೆಯುವ ಕೆಲಸ ಅವಳದಾಯಿತು. ವಾಟ್ಸಾಪಿನಲ್ಲಿ ಒಂದು ಪಟ್ಟಿಗೆ ಇನ್ನೂರಾ ಐವತ್ತಾರು ಹೆಸರು ಮಾತ್ರ ಹಿಡಿಯುತ್ತವೆ. ನನ್ನಲ್ಲಿ ಅಂಥ ನಾಲ್ಕು ಪಟ್ಟಿಗಳಿದ್ದವು, ಪುಣೆ, ಸೊಲ್ಲಾಪುರದಿಂದ ಹಿಡಿದು ಧಾರವಾಡ, ಬೆಂಗಳೂರಿನವರೆಗೆ ಒಂಬೈನೂರು ಚಿಲ್ಲರೆ ಹೆಣ್ಣುಮಕ್ಕಳು. ನಾನು ಹೇಳಿದ್ದನ್ನು ಬರೆಯುತ್ತಿದ್ದಳು. ‘ಒತ್ತಾಯದ ಮೇರೆಗೆ’ ಅನ್ನುವಲ್ಲಿ ಮಾತ್ರ ಪ್ರತಿ ಸಲವೂ ಒಂದು ಕ್ಷಣ ಬೆರಳು ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದಳು. ನಾನು ಬೀದಿಯ ಕಡೆ ನೋಡುತ್ತಿದ್ದೆ.

ಹೋದ ವರ್ಷ ಶ್ರಾವಣದಲ್ಲಿ ನಾನು ಕೈಮಗ್ಗದ ಸೀರೆ ಕೊಳ್ಳುವುದನ್ನು ನಿಲ್ಲಿಸಿದೆ. ತಪ್ಪೆಂದು ಆಗ ಅನಿಸಿರಲಿಲ್ಲ. ಯಂತ್ರದ ಮಗ್ಗದ್ದು ಆರುನೂರೈವತ್ತಕ್ಕೆ ಹೋಗುವಾಗ, ಕೈಮಗ್ಗದ್ದನ್ನು ಮೂರು ಸಾವಿರದ ಇನ್ನೂರಕ್ಕೆ ಕೊಳ್ಳಿ ಎಂದು ಹೇಳಲು ಗಂಟಲಿನಲ್ಲಿ ಬಲ ಬೇಕು. ನನ್ನ ಗಂಟಲು ಸೋತಿತ್ತು. ವಿರೂಪಣ್ಣನಿಗೂ ಅವನ ಓಣಿಯ ಇನ್ನೈದು ಮಗ್ಗದವರಿಗೂ, “ದೀಪಾವಳಿ ತನಕ ನೋಡೂಣು” ಅಂದೆ. ಪೇಟೆಯಲ್ಲಿ ಆ ಮಾತಿನ ಅರ್ಥ ‘ಇಲ್ಲ’ ಎಂದು ಅವರಿಗೂ ಗೊತ್ತಿತ್ತು. ಆದರೂ ನೇಯ್ದರು. ದಸರೆಯ ಹೊತ್ತಿಗೆ ಆರು ಮನೆಯದೂ ಸೇರಿ ಮಹಾನಂದಾಳ ಕಬ್ಬಿಣದ ಪೆಟ್ಟಿಗೆಯಲ್ಲಿ ನಲವತ್ತೆರಡು ಸೀರೆ ಕೂತಿದ್ದವು.

ಬನ್ನಿ ಕೊಡಲು ಗಂಡಹೆಂಡತಿ ಇಬ್ಬರೂ ನಮ್ಮ ಮನೆಗೆ ಬಂದರು. ವಿರೂಪಣ್ಣ ಮಾತು ಕಡಿಮೆಯ ಮನುಷ್ಯ. ಅವನ ಪಾಲಿನದನ್ನೂ ಹೆಂಡತಿ ಆಡುತ್ತಾಳೆ. ಅವತ್ತು ಅವನೇ ಬಾಯಿ ತೆರೆದ.

“ಗ್ರಾನೈಟ್ ಪಾಲಿಶ್ ಫ್ಯಾಕ್ಟರಿಯಾಗ ಕೆಲಸ ಕೇಳಿ ಬಂದೀನ್ರಿ. ಹಬ್ಬ ಆದ ಮ್ಯಾಲ ಬಾ ಅಂದಾರ. ಅಮಾಸಿ ಒಳಗ ಪೆಟ್ಟಿಗಿ ಖಾಲಿ ಆದ್ರ ಹೊಸಾ ಹಾಸು ಹೂಡ್ತೀನಿ. ಒಂದು ಸೀರಿ ಉಳದ್ರೂ ಮಗ್ಗದ ಕುಣಿ ಮುಚ್ಚಿ ಹೊಂಟೆ. ಇಕಿಗೂ ಹೇಳೀನಿ.”

“ಮೂರು ದಿನದಿಂದ ಅದ ಒಂದ ಹಾಡರಿ,” ಅಂದಳು ಮಹಾನಂದಾ. ನಗುತ್ತಲೇ ಅಂದಳು, ಆದರೆ ಬನ್ನಿ ಎಲೆಯನ್ನು ಬೆರಳಲ್ಲಿ ಪುಡಿ ಮಾಡುತ್ತಿದ್ದಳು. ನೇಕಾರ ಕಾಲಿಳಿಬಿಟ್ಟು ಕೂರುವ ಮಗ್ಗದ ಕುಣಿಯನ್ನು ಒಮ್ಮೆ ಮುಚ್ಚಿದವರು ಮತ್ತೆ ತೋಡಿದ್ದನ್ನು ಆ ಓಣಿಯಲ್ಲಿ ಯಾರೂ ಕಂಡಿಲ್ಲ. ಅವನದು ಮುಚ್ಚಿದರೆ ಉಳಿದ ಐದೂ ವರ್ಷದೊಳಗೆ ಮುಚ್ಚುತ್ತವೆ. ಕೊಂಡಿ ಹಾಕುವವರಿಗೆ ಆಮೇಲೆ ಕೂಡಿಸಲು ಎಳೆಯೇ ಇರುವುದಿಲ್ಲ.

ಮರುದಿನ ಮಧ್ಯಾಹ್ನ ಅವಳು ಅಂಗಡಿಗೆ ಬಂದು ಒಂದು ವ್ಯಾಪಾರ ಮುಂದಿಟ್ಟಳು.

“ಸಾವ್ಕಾರ್ರ, ಈ ದೀಪಾವಳಿ ಸೇಲಿನ ಪೋಸ್ಟ್ ಬರಿಯೂದಕ್ಕ ನನಗ ಪಗಾರ ಬ್ಯಾಡ.”

ಪಗಾರ ಬೇಡ ಎನ್ನುವವರನ್ನು ಕಂಡರೆ ನನಗೆ ಭಯ. “ಮತ್ತೇನ್ ಬೇಕು?”

“ಮುಂಜಾನೆ ನಿಮ್ಮ ಪೋಸ್ಟ್ ಹೋಗ್ಲಿ. ಸಂಜಿಗೆ ಒಂದ, ನಮ್ಮ ನಲವತ್ತೆರಡು ಸೀರಿದು. ನಿಮ್ಮ ಪಟ್ಟಿ, ನಿಮ್ಮ ಫೋನು. ಕೆಳಗ ನನ್ನ ನಂಬರು. ನಿಮ್ಮ ಗಿರಾಕಿ ಒಂದೂ ಕಸಗೊಳ್ಳೂದಿಲ್ಲ. ಆರ್ನೂರೈವತ್ತು ಕೊಡಾಕಿ ಮೂರ್ ಸಾವ್ರ ಕೊಡ್ತಾಳೇನ್ರಿ?”

ಖರ್ಚಿಲ್ಲದ ಉಪಕಾರ. ಇಂಥದ್ದು ದಿನವೂ ಸಿಗುವುದಿಲ್ಲ. ಒಪ್ಪಿದೆ.

“ರಿಯಾಯಿತಿ ಎಷ್ಟು ಹಾಕ್ತಿ?”

“ನೂರಕ್ಕ ಹತ್ತು. ಎರಡು ಸಾವಿರದ ಎಂಟ್ನೂರಾ ಎಂಬತ್ತು. ಫಾಲ್, ಪಿಕೋ, ಕುಚ್ಚು ನಾವ ಕಟ್ಟಿ ಕಳಸ್ತೀವಿ. ಬುಧವಾರ ನಾಕರ ತನಕ ಅಷ್ಟ. ಗುರುವಾರ ಮುಂಜಾನೆ ಟಪಾಲಿಗೆ ಹಾಕಿದ್ರ ಹಬ್ಬದೊಳಗ ಪುಣೆ ಮುಟ್ತಾವು. ಆಮ್ಯಾಲಿಂದಕ್ಕ ನಾ ಮಾತು ಕೊಡೂದಿಲ್ಲ.”

ಅಂದರೆ ಪಾಡ್ಯಕ್ಕೆ ಇನ್ನೂ ಒಂದು ವಾರ ಇರುವಾಗಲೇ ಸೇಲು ಮುಗಿಸುತ್ತಾಳೆ. ಹಬ್ಬದ ಕಡೆಯ ವಾರವೆಂದರೆ ಕಬ್ಬಿನ ಗಾಣದ ಕೆಳಗಿನ ಕೊಡ. ರಸವೆಲ್ಲ ಅಲ್ಲೇ ಬೀಳುವುದು. ಕೊಡ ತೆಗೆದಿಟ್ಟು ಗಾಣ ತಿರುಗಿಸುವವಳನ್ನು ನೋಡಿಯೂ ನಾನು ತಡೆಯಲಿಲ್ಲ. ವ್ಯಾಪಾರದಲ್ಲಿ ಇನ್ನೊಬ್ಬರ ತಪ್ಪಿಗೆ ಅಡ್ಡ ಹೋಗಬಾರದೆಂದು ನಮ್ಮಪ್ಪ ಹೇಳುತ್ತಿದ್ದ.

ಶುಕ್ರವಾರ ಮುಂಜಾನೆ ನನ್ನ ಪೋಸ್ಟು ಹೋಯಿತು: ‘ದೀಪಾವಳಿ ಧಮಾಕಾ! ಭರ್ಜರಿ ಇಳಕಲ್ಲ ಸೀರೆಗಳು! ತ್ವರೆ ಮಾಡಿ!’ ಬರೆದವಳು ಅವಳೇ, ಹೇಳಿದವನು ನಾನು. ಸಂಜೆಗೆ ಅವಳದು ಹೋಯಿತು:

‘ಹಬ್ಬಕ್ಕ ಹತ್ತೊಂಬತ್ತು ದಿನ ಅದಾವು. ನಿಮ್ಮ ಟೇಲರ್‌ಗೆ ಹತ್ತ ದಿನ. ಆಮ್ಯಾಲ ಅಂವ ಕುಪ್ಪಸ ಹಿಡಿಯೂದಿಲ್ಲ, ನಿಮಗೂ ಗೊತ್ತು. ಟಪಾಲಿಗೆ ಮೂರು ದಿನ ಕಳೀರಿ. ಕೈಮಗ್ಗದ ಸೀರಿ ನಲವತ್ತೆರಡು ಅದಾವು, ನೇಯ್ದವರು ಆರು ಮಂದಿ. ನಲವತ್ಮೂರನೇದು ಇಲ್ಲ.’

ಜೊತೆಗೆ ಒಂದೇ ಒಂದು ಚಿತ್ರ. ಗಿರಿ ಕುಂಕುಮದ ಬಣ್ಣದ ಸೀರೆ, ಅದೂ ಹಿಂಬದಿ ಮೇಲಾಗಿ ಮಡಿಚಿದ್ದು.

“ತಂಗಿ, ಸೀರಿಯ ಹಿಂಬದಿ ಯಾರಿಗೆ ಬೇಕು?” ಅಂದೆ.

“ಮುಂದಿನ ಬದಿ ಎಲ್ಲಾರೂ ತೋರಸ್ತಾರಲ್ರಿ.”

ಮೊದಲ ದಿನ ಎರಡು ಹೋದವು. ಎರಡನೆಯ ದಿನ ಒಂದೂ ಇಲ್ಲ. ಮೂರನೆಯ ದಿನ ಒಡಲು ಮತ್ತು ಸೆರಗು ಕೂಡುವ ಜಾಗದ ಚಿತ್ರ ಹಾಕಿ ಬರೆದಳು: ‘ಇದು ಕೊಂಡಿ. ನಾನ ಹಾಕಿದ್ದು. ಇಲ್ಲಿ ಹಿಡಿದು ಎಳದು ನೋಡ್ರಿ. ಸೀರಿ ಬಿಟ್ರ ರೊಕ್ಕ ವಾಪಸ್ಸು, ನಿಮ್ಮ ಕೈ ಬಿಟ್ರ ನನ್ನ ಕೇಳಬ್ಯಾಡ್ರಿ. ಟೇಲರ್‌ಗೆ ಎಂಟ ದಿನ. ಸೀರಿ ನಲವತ್ತು.’

ಆ ಪೋಸ್ಟು ನನಗೆ ತಾಗಿತು. ಮರುದಿನ ಮುಂಜಾನೆಯೇ ಫೋನು ಟಣ್ ಟಣ್ ಅನ್ನತೊಡಗಿತು, ನನ್ನ ಸೀರೆಗಲ್ಲ. ಧಾರವಾಡದ ಸುಲಭಾ ಟೀಚರ್ ಅನ್ನುವ ಹಳೆಯ ಗಿರಾಕಿಯೊಬ್ಬರಿದ್ದಾರೆ, ಹಿಂದಿನ ಎಲ್ಲ ‘ಕಡೆಯ ದಿನ’ಗಳನ್ನೂ ನೆನಪಿಟ್ಟವರು. ಅವರು ಬರೆದರು: ‘ಸಾವುಕಾರರೇ, ಹೋದ ವರ್ಷ ನಿಮ್ಮಲ್ಲಿ ಕೊಂಡ ಸೀರೆಯಲ್ಲಿ ಈ ಕೊಂಡಿ ಎಲ್ಲಿದೆ? ಬೆಳಗಿನಿಂದ ಹುಡುಕುತ್ತಿದ್ದೇನೆ.’

“ಏನಂತ ಬರೀಲಿ?” ಎಂದು ಮಹಾನಂದಾಳನ್ನೇ ಕೇಳಿದೆ.

“ಇಲ್ಲಂತ ಬರೀರಿ. ಆರ್ನೂರೈವತ್ತಕ್ಕ ಚಲೋ ಸೀರಿ, ಒಗದ್ರ ಬಣ್ಣ ಹೋಗೂದಿಲ್ಲ, ಆದ್ರ ಕೊಂಡಿ ಇಲ್ಲಂತ. ಸುಳ್ಳಾ ಅದು?”

ಸುಳ್ಳಲ್ಲ. ಹಾಗೇ ಬರೆದೆ. ಟೀಚರು ನನ್ನಲ್ಲಿ ಮನೆಗೆಲಸದವರಿಗೆಂದು ಎರಡು ಕೊಂಡರು, ಅವಳಲ್ಲಿ ತಮಗೆಂದು ಒಂದು ಬರೆಸಿದರು. ಇದೇನು ಲಾಭವೋ ನಷ್ಟವೋ ನನಗೆ ಒಡನೆ ತಿಳಿಯಲಿಲ್ಲ.

ಟಪಾಲಿನ ಮೂರು ದಿನ ಕಳೆದು ಟೇಲರನ ಗಡುವು ತೀರುವ ಹೊತ್ತಿಗೆ ಹತ್ತೊಂಬತ್ತು ಹೋಗಿದ್ದವು. ನನ್ನ ಲೆಕ್ಕದಲ್ಲಿ ಅಲ್ಲಿಗೆ ಅವಳ ದಿನ ಎಣಿಸುವ ಆಟ ಮುಗಿಯಿತು. ಅವಳು ಸಂಜೆ ಬರೆದಳು: ‘ಟೇಲರ್ ಕೈ ಮುಗದಾನ. ಆದ್ರ ಗುಳೇದಗುಡ್ಡದ ಖಣದ ಕುಪ್ಪಸ ಮನಿಯಾಗ ಇದ್ದವರು ಕೈ ಎತ್ರಿ. ಟ್ರಂಕಿನ ತಳಕ್ಕ ಐತಿ ನೋಡ್ರಿ, ಡಾಂಬರ ಗುಳಿಗಿ ವಾಸನಿ ಬರ್ತೈತಿ, ಬಿಸಲಿಗೆ ಹಾಕ್ರಿ. ನಿಮಗ ಟೇಲರ್ ಬ್ಯಾಡ. ನಿಮಗ ಇನ್ನೂ ಐದು ದಿನ. ಸೀರಿ ಇಪ್ಪತ್ಮೂರು.’

ಒಂದೇ ಸಂಜೆಗೆ ಇಪ್ಪತ್ತೇಳು ಹೆಂಗಸರು ತಮ್ಮ ಹಳೆಯ ಖಣದ ಚಿತ್ರ ಕಳಿಸಿದರು. ಯಾವ ಖಣಕ್ಕೆ ಯಾವ ಸೀರೆ ಒಪ್ಪುತ್ತದೆಂದು ಮಹಾನಂದಾ ಒಬ್ಬೊಬ್ಬರಿಗೂ ಉತ್ತರಿಸುತ್ತ ಕೂತಳು. ಒಬ್ಬಾಕೆಗೆ, ‘ಯಕ್ಕಾ, ಇದಕ್ಕ ನಮ್ಮಲ್ಲಿ ಒಪ್ಪೂವಂಥದ್ದಿಲ್ಲ, ಇದ್ದ ಹಸಿರು ಸೀರಿನ ಉಡ್ರಿ’ ಎಂದು ಬರೆದದ್ದನ್ನು ನೋಡಿ ನಾನು ಕೂತಲ್ಲಿಂದ ಎದ್ದು ಬಂದೆ.

“ಗಿರಾಕಿನ ಹೊರಗ ಹಾಕ್ತಿ?”

“ಹಬ್ಬಕ್ಕ ಬ್ಯಾರೇ ಮಂದಿ ಮುಂದ ಒಪ್ಪದ್ದು ಉಟ್ಕೊಂಡು ನಿಂತ್ರ, ಎಲ್ಲಿ ತಗೊಂಡಿ ಅಂತ ಕೇಳ್ತಾರಲ್ರಿ. ನಮ್ಮ ಹೆಸರು ಹೇಳ್ತಾಳ.”

ಆ ವಾರ ನನ್ನ ಧಮಾಕಾ ಮಂದವಾಗಿತ್ತು. ಅವಳದನ್ನು ಓದಿದ ಹೆಂಗಸರಿಗೆ ನನ್ನದು ಕಿವಿಗೆ ಗದ್ದಲವಾಗಿ ಕೇಳಿರಬೇಕು. ಎರಡನ್ನೂ ಬರೆಯುತ್ತಿರುವ ಕೈ ಒಂದೇ ಎಂದು ಯಾರಿಗೂ ಗೊತ್ತಿರಲಿಲ್ಲ.

ಬುಧವಾರ ಬಂತು. ಮುಂಜಾನೆ ಅವಳು ಬಂದು ನನ್ನದಕ್ಕಿಂತ ಮೊದಲು ತನ್ನದನ್ನು ಕಳಿಸಿದಳು: ‘ಇವತ್ತ ನಾಕಕ್ಕ ಪುಸ್ತಕ ಮುಚ್ತೀನಿ. ಯಾಕಂದ್ರ ಸಂಜಿಕ ಕುಚ್ಚು ಕಟ್ಟಬೇಕು, ನಾಳೆ ಮುಂಜಾನೆ ಟಪಾಲು. ಈಗಾಗ್ಲೇ ತಗೊಂಡವರು ಇದನ್ನ ಓದಬ್ಯಾಡ್ರಿ, ಹೋಗಿ ಅಡಗಿ ಮಾಡ್ರಿ. ಸೀರಿ ಹದಿಮೂರು.’ ಮೂರು ಗಂಟೆಗೆ ಇನ್ನೊಂದು: ‘ಒಂದ ತಾಸು. ಸೀರಿ ಎಂಟು. ಆಮ್ಯಾಲ ಫೋನ್ ಮಾಡಿ ಅಳಬ್ಯಾಡ್ರಿ, ನನಗೂ ಅಳು ಬರ್ತೈತಿ.’

ನಾಲ್ಕಕ್ಕೆ ಸರಿಯಾಗಿ ‘ಪುಸ್ತಕ ಮುಚ್ಚಿತು. ಸೀರಿ ಐದು ಉಳದಾವು. ನಿಮ್ಮೆಲ್ಲಾರ ಮನಿ ಹಬ್ಬ ಚಲೋ ಆಗ್ಲಿ’ ಎಂದು ಬರೆದು ಫೋನು ನನ್ನ ಕೈಗಿಟ್ಟಳು.

“ಐದು,” ಅಂದೆ ನಾನು.

“ಹೂನ್ರಿ, ಐದು.”

“ವಿರೂಪಣ್ಣ?”

“ಅಂವಂದು ಅಂವ ಹೇಳ್ಯಾನ. ನಂದು ನಾ ಬರದೀನಿ,” ಎಂದಳು. ಚಪ್ಪಲಿ ಹುಡುಕುವಾಗ ಎರಡು ಸಲ ಅದರ ಮೇಲೆಯೇ ನಿಂತು ಹುಡುಕಿದಳು.

ಅವಳು ಹೋದ ಮೇಲೆ ನಾನು ಗಲ್ಲಾಪೆಟ್ಟಿಗೆಯ ಮುಂದೆ ಕೂತು ಯೋಚಿಸಿದೆ. ಐದೇ ಸೀರೆ. ಒಂದು ಸಾಲು ಬರೆದರೆ ನಾಳೆ ಮಧ್ಯಾಹ್ನದೊಳಗೆ ಖಾಲಿ. ಪೆಟ್ಟಿಗೆ ಬರಿದಾಗುತ್ತದೆ, ಅವನು ಹಾಸು ಹೂಡುತ್ತಾನೆ, ಇವಳು ಕೊಂಡಿ ಹಾಕುತ್ತಾಳೆ. ಜನ್ಮದಲ್ಲಿ ಒಂದು ಪುಣ್ಯದ ಕೆಲಸ ಕಾಸಿಲ್ಲದೆ ಮಾಡುವ ಅವಕಾಶ. ಕೈ ತಾನಾಗಿಯೇ ಓಡಿತು, ಇಪ್ಪತ್ತೆಂಟು ವರ್ಷದ ರೂಢಿ. ‘ಗ್ರಾಹಕರ ಒತ್ತಾಯದ ಮೇರೆಗೆ ಕೈಮಗ್ಗದ ಸೀರೆಗಳ ರಿಯಾಯಿತಿ ಶುಕ್ರವಾರದವರೆಗೆ ವಿಸ್ತರಣೆ!’ ಕೆಳಗೆ ಅವಳದೇ ಹೆಸರು, ನಂಬರು ಹಾಕಿ ನಾಲ್ಕೂ ಪಟ್ಟಿಗೆ ಕಳಿಸಿ, ಮಿರ್ಚಿ ಭಜಿ ತರಿಸಿ ತಿಂದೆ. ಬಹಳ ರುಚಿಯಾಗಿದ್ದವು.

ಗುರುವಾರ ಮುಂಜಾನೆ ಅಂಗಡಿ ಬಾಗಿಲು ತೆಗೆದು ಫೋನು ನೋಡಿದರೆ ಎಪ್ಪತ್ತು ಸಂದೇಶ. ಕೊಳ್ಳುವವರು ಮೂವರು. ಆ ಮೂವರೂ ರೊಕ್ಕವನ್ನು ಮಹಾನಂದಾಳ ನಂಬರಿಗೆ ಹಾಕಿಬಿಟ್ಟಿದ್ದರು. ಉಳಿದವರದು ಬೈಗುಳ. ನನ್ನನ್ನು ಬೈದದ್ದಾದರೆ ಅಭ್ಯಾಸವಿತ್ತು, ಅವಳನ್ನು ಬೈದಿದ್ದರು. ಸುಲಭಾ ಟೀಚರಂತೂ ಧ್ವನಿಯಲ್ಲೇ ಕಳಿಸಿದ್ದರು:

“ಏನ್ರಿ ಅಕ್ಕಾರ, ನಿನ್ನೆ ನಮ್ಮಕ್ಕಗೊಂದು ಸೀರಿ ಬೇಕಂತ ಕ್ಲಾಸ್ ಬಿಟ್ಟು ಮೂರೂವರಿಗೆ ಓಡಿ ಹೋಗಿ ರೊಕ್ಕ ಹಾಕೀನಿ. ಹೆಡ್ ಮಾಸ್ತರ್ ಕಡೆ ಬೈಸ್ಕೊಂಡೀನಿ. ಇವತ್ತ ಆರಾಮ ಕುಂತು ಹಾಕಬಹುದಿತ್ತಲ್ರಿ? ನೀವರ ಬ್ಯಾರೇ ಅಂದ್ಕೊಂಡಿದ್ದೆ. ನೀವೂ ಆ ಸಾವ್ಕಾರ್ರಂಗ ಆದ್ರಿ.”

ಅದನ್ನು ಎರಡನೆಯ ಸಲ ಕೇಳುತ್ತಿರುವಾಗ ಮಹಾನಂದಾ ಬಂದಳು. ಸೀರೆಯ ಗಂಟುಗಳನ್ನು ಟಪಾಲಿಗೆ ಹಾಕಿ ನೆಟ್ಟಗೆ ಅಲ್ಲಿಂದಲೇ ಬಂದಿದ್ದಳು. ಧ್ವನಿಯನ್ನು ಪೂರ್ತಿ ಕೇಳಿಸಿಕೊಂಡಳು. ಕೂಗಲಿಲ್ಲ. ಕೂಗಿದ್ದರೆ ನಾನೂ ಕೂಗಬಹುದಿತ್ತು.

“ಸಾವ್ಕಾರ್ರ, ನಿಮ್ಮ ಪೋಸ್ಟ್‌ನಾಗ ಮೂರು ವರ್ಷ ನಾ ಸುಳ್ಳು ಬರದೀನಿ, ಪಗಾರ ತಗೊಂಡು ಬರದೀನಿ. ನನ್ನ ಪೋಸ್ಟ್‌ನಾಗ ನೀವು ಪುಕ್ಕಟ ಬರದ್ರಿ.”

“ನಿಮ್ಮ ಕುಣಿ ಉಳೀಲಿ ಅಂತ ಮಾಡಿದೆ ತಂಗಿ. ಐದ ಸೀರಿ.”

“ಗೊತ್ರಿ. ಅದಕ್ಕ ಬಾಯಿಗೆ ಬಂದದ್ದು ಅನ್ನಾಕತ್ತಿಲ್ಲ. ಫೋನ್ ಕೊಡ್ರಿ.”

“ಏನ್ ಮಾಡ್ತಿ? ಹೋದದ್ದು ಹೋತು. ಮೂರು ಹೊಂಟಾವು, ಇನ್ನೆರಡು ಸಂಜಿ ಒಳಗ ಹೊಕ್ಕಾವು. ಸುಮ್ನ ಬಿಡು.”

“ನಿನ್ನೆ ನಾಕರೊಳಗ ತಗೊಂಡವರು ಮೂವತ್ತೇಳು ಮಂದಿ ಅದಾರ. ಅವರೇನ್ ಹುಚ್ಚರೇನ್ರಿ?”

ಮೊದಲು ತನ್ನ ಫೋನಿನಿಂದ ಆ ಮೂವರ ರೊಕ್ಕವನ್ನು ತಿರುಗಿ ಹಾಕಿದಳು. ಎಂಟು ಸಾವಿರದ ಆರುನೂರಾ ನಲವತ್ತು ರೂಪಾಯಿ ಬಂದ ದಾರಿಯಲ್ಲಿ ಹೋಗುವುದನ್ನು ಹತ್ತಿರ ನಿಂತು ನೋಡುವುದು ನನ್ನಂಥವನಿಗೆ ಸುಲಭವಲ್ಲ. ಆಮೇಲೆ ಬರೆದಳು. ಬರೆಯುವಾಗ ನನ್ನ ಮುಖ ನೋಡಲಿಲ್ಲ.

‘ನಿನ್ನೆ ಸಂಜೀಕ ಬಂದ ಮೆಸೇಜ್ ನಂದಲ್ಲ. ಆದ್ರ ನನ್ನ ಹೆಸರಿನ ಕೆಳಗ ಬಂದೈತಿ, ತಪ್ಪು ನಂದ. ಪುಸ್ತಕ ಬುಧವಾರ ನಾಕಕ್ಕ ಮುಚ್ಚೇತಿ. ಓಡಿ ಬಂದು ತಗೊಂಡವರು ಸರಿಯಾಗಿ ಓಡೀರಿ. ಐದು ಸೀರಿ ಅದಾವು, ಹಬ್ಬಕ್ಕ ಮಾರೂದಿಲ್ಲ, ಹಾಕಿದ್ರೂ ವ್ಯಾಳ್ಯಾಕ್ಕ ಮುಟ್ಟೂದಿಲ್ಲ. ಪಾಡ್ಯದ ದಿನ ಗೌರಿ ಹುಣ್ಣಿವಿಗೆ ಹೊಸಾ ಪುಸ್ತಕ ತಗೀತೀನಿ. ಬೇಕಾದವರು ಹೆಸರು ಹೇಳ್ರಿ. ರಿಯಾಯಿತಿ ಇಲ್ಲ, ಮೂರು ಸಾವಿರದ ಇನ್ನೂರು.’

“ತಪ್ಪು ನಂದಂತ ಬರೀಬೇಕಿತ್ತು ನೀನು,” ಎಂದೆ.

“ನಿಮ್ಮದಂತ ಬರದ್ರ ನಾಳಿಂದ ನಿಮ್ಮ ಧಮಾಕಾ ಯಾರು ಓದ್ತಾರ್ರಿ?”

ನಾನು ಚಹಾ ಹೇಳಿದೆ.

ಚಹಾ ಬರುವ ಮೊದಲೇ ವಿರೂಪಣ್ಣ ಬಂದ. ಓಣಿಯಲ್ಲಿ ಯಾರೋ ಫೋನು ತೋರಿಸಿದ್ದರಂತೆ.

“ಬಂದ ರೊಕ್ಕ ವಾಪಸ್ ಹಾಕಿದ್ಯಾ?”

“ಹಾಕಿದೆ.”

“ಮೂರು ಸೀರಿದು?”

“ಮೂರು ಸೀರಿದು.”

“ಅಂದ್ರ ಐದೂ ಹಂಗ ಅದಾವು. ಅಮಾಸಿಗೆ ಇನ್ನು ಐದ ದಿನ ಐತಿ. ನಾ ಆಡಿದ ಮಾತು ಮಾತು, ಮಹಾನಂದಾ.”

“ನಂದೂ ಮಾತ. ಮನಿಯಾಗ ಒಬ್ಬರ ಮಾತ ಉಳಿಬೇಕು ಅನ್ನೂದಾದ್ರ ಮದಲ ಹೇಳಬೇಕಿತ್ತು.”

ವಿರೂಪಣ್ಣ ನನ್ನ ಕಡೆ ನೋಡಿದ. ನಾನು ಬೀದಿಯ ಕಡೆ ನೋಡಿದೆ. ಅವನು ಚಹಾ ಕುಡಿಯದೆ ಹೋದ. ಅವಳು ಎರಡೂ ಲೋಟ ಕುಡಿದಳು.

ಆ ದಿನ ಹೆಸರು ಕೊಟ್ಟವರು ಇಬ್ಬರು. ರೊಕ್ಕ ವಾಪಸ್ಸು ಪಡೆದ ಮೂವರಲ್ಲಿ ಒಬ್ಬಾಕೆ, ‘ಇಂಥ ಸೊಕ್ಕಿನ ವ್ಯಾಪಾರ ಎಲ್ಲೂ ನೋಡಿಲ್ಲ’ ಎಂದು ಬರೆದು ಪಟ್ಟಿಯಿಂದಲೇ ಹೋದಳು. ಶುಕ್ರವಾರ ಮೂವರು. ಶನಿವಾರದಿಂದ ಗಂಟುಗಳು ಮುಟ್ಟತೊಡಗಿದವು, ಮೊದಲು ಧಾರವಾಡ, ಆಮೇಲೆ ಬೆಂಗಳೂರು, ಸೋಮವಾರ ಪುಣೆ. ಮುಟ್ಟಿದವರೆಲ್ಲ ಮಾಡಿದ್ದು ಒಂದೇ ಕೆಲಸ: ಕೊಂಡಿ ಹಿಡಿದು ಎಳೆಯುವುದು. ಒಬ್ಬಾಕೆ ಗಂಡನ ಕೈಗೆ ಒಂದು ತುದಿ ಕೊಟ್ಟು ಎಳೆಯುವ ವಿಡಿಯೋ ಕಳಿಸಿದಳು; ಗಂಡ ಜಾರಿ ಸೋಫಾದ ಮೇಲೆ ಬಿದ್ದ, ಸೀರೆ ಬಿಡಲಿಲ್ಲ. ಅದು ಯಾರು ಯಾರಿಗೋ ಹೋಗಿ, ನನ್ನ ಪಟ್ಟಿಯಲ್ಲೇ ಇಲ್ಲದವರೂ ನಂಬರು ಹುಡುಕಿಕೊಂಡು ಬಂದರು. ಸುಲಭಾ ಟೀಚರು ಬರೆದರು: ‘ನಮ್ಮ ಸ್ಟಾಫ್ ರೂಮಿನಿಂದ ನಾಲ್ಕು ಹೆಸರು ಹಿಡಿಯಿರಿ. ರಿಯಾಯಿತಿ ಇಲ್ಲವೆಂದು ನಾನೇ ಹೇಳಿದ್ದೇನೆ. ನೀವು ಮುಚ್ಚುತ್ತೇನೆಂದರೆ ಮುಚ್ಚುತ್ತೀರೆಂದೂ ಹೇಳಿದ್ದೇನೆ, ಅದಕ್ಕೇ ಅವಸರ ಮಾಡುತ್ತಿದ್ದಾರೆ.’

ಅಮಾವಾಸ್ಯೆಯ ಮಧ್ಯಾಹ್ನದ ಹೊತ್ತಿಗೆ ನಲವತ್ತನಾಲ್ಕು ಹೆಸರು. ಮೂರು ಸಾವಿರದ ಇನ್ನೂರರಂತೆ, ಒಂದು ರೂಪಾಯಿ ಚೌಕಾಸಿ ಇಲ್ಲದೆ. ನನ್ನ ಧಮಾಕಾ ಆಗ ನಾಲ್ಕನೆಯ ಕಡೆಯ ದಿನದಲ್ಲಿತ್ತು.

ಪಾಡ್ಯದ ಮುಂಜಾನೆ ನಾನು ಅವರ ಮನೆಗೆ ಹೋದೆ. ಹಬ್ಬಕ್ಕೆ ಮಾತಾಡಿಸಲು ಎಂದು ಹೆಂಡತಿಗೆ ಹೇಳಿದ್ದೆ. ನಿಜ ಹೇಳಬೇಕೆಂದರೆ ಕುಣಿ ಏನಾಯಿತೆಂದು ನೋಡದೆ ಹೋಳಿಗೆ ಇಳಿಯುತ್ತಿರಲಿಲ್ಲ. ಮಗ್ಗಕ್ಕೆ ಪೂಜೆಯಾಗಿತ್ತು. ಚೆಂಡುಹೂವಿನ ಮಾಲೆ ಹಾಕಿದ್ದರು. ಮಗ್ಗ ಬಿಚ್ಚಿಡುವವರೂ ಬಿಚ್ಚುವ ಮೊದಲು ಹೀಗೇ ಪೂಜೆ ಮಾಡುತ್ತಾರೆ, ಆದ್ದರಿಂದ ಏನೂ ತಿಳಿಯಲಿಲ್ಲ. ಕುಣಿಯ ಪಕ್ಕದಲ್ಲಿ ಒಂದು ಬುಟ್ಟಿ ಮಣ್ಣೂ ಇತ್ತು. ಗಂಡಹೆಂಡತಿ ಆಚೆಗೊಬ್ಬರು ಈಚೆಗೊಬ್ಬರು ಕೂತಿದ್ದರು, ನಡುವೆ ಕಬ್ಬಿಣದ ಪೆಟ್ಟಿಗೆ, ಅದರ ಮೇಲೆ ಹೆಸರು ಬರೆದ ವಹಿ.

“ಬರ್ರಿ ಸಾವ್ಕಾರ್ರ, ನೀವ ಹೇಳ್ರಿ,” ಅಂದ ವಿರೂಪಣ್ಣ. “ಪೆಟ್ಟಿಗಿ ಖಾಲಿ ಆಗೇತೇನು?”

“ಐದು ಅದಾವಲ್ಲಪಾ.”

“ಕೇಳಿದ್ಯಾ?”

“ಐದು ಅದಾವು, ನಲವತ್ನಾಕ ಹೆಸರು ಅದಾವು,” ಅಂದಳು ಮಹಾನಂದಾ. “ಪೆಟ್ಟಿಗಿ ಖಾಲಿಗಿಂತ ಖಾಲಿ ಐತಿ. ಮೂವತ್ತೊಂಬತ್ತು ಕಡಿಮಿ ಬಿದ್ದಾವು. ಅದಕ್ಕೇನಂತಿ?”

ವಿರೂಪಣ್ಣ ವಹಿಯನ್ನು ಎಳೆದುಕೊಂಡ. ಓದಲು ಅವನಿಗೆ ಹೊತ್ತು ಹಿಡಿಯುತ್ತದೆ. ಬೆರಳಿಟ್ಟು ಒಂದೊಂದೇ ಸಾಲು ಇಳಿದ. ಹೆಸರುಗಳನ್ನು ಅವಳು ಎರಡು ಭಾಗ ಮಾಡಿದ್ದಳು. ಮೇಲೆ ಎರಡು ವಾರಕ್ಕೆ ಬರುವ ಗೌರಿ ಹುಣ್ಣಿಮೆಗೆಂದು ಹದಿನೇಳು, ಕೆಳಗೆ ಸಂಕ್ರಾಂತಿಗೆಂದು ಇಪ್ಪತ್ತೇಳು. ಮೇಲಿನದರ ಮೇಲೆ ಅವನ ಬೆರಳು ನಿಂತಿತು.

“ಹದಿನೇಳು ಹೆಂಗ?”

“ಇದ್ದವು ಐದು. ನಾಳಿಂದ ಎಂಟು ದಿನ, ಆರು ಮಗ್ಗ, ಮಗ್ಗಕ್ಕ ಎರಡು. ಹನ್ನೆರಡು. ಆಮ್ಯಾಲ ಕುಚ್ಚು, ಟಪಾಲು. ಹುಣ್ಣಿವಿ ಒಳಗ ಮುಟ್ತಾವು.”

“ಎಂಟು ದಿನದಾಗ ಎರಡು?” ಅವನ ದನಿ ಏರಿತು. ಅಷ್ಟು ವರ್ಷದಲ್ಲಿ ಅವನ ದನಿ ಏರಿದ್ದನ್ನು ನಾನು ಕೇಳಿದ್ದು ಅದೇ ಮೊದಲು. “ಕೊಂಡಿ ಹಾಕಾಕಿ ನೀ, ನಿನಗ ಗೊತ್ತಿಲ್ಲೇನು? ನಾಳೆ ಹಾಸು ಹೂಡೂದಕ್ಕ ಹೊಕ್ಕೈತಿ. ಎರಡನೇ ಸೀರಿಗೆ ಮತ್ತ ಕೊಂಡಿ. ಮೂಲಿಮನಿ ಅಜ್ಜಗ ದಿನಕ್ಕ ಒಂದು ಗಜದ ಮ್ಯಾಲ ಆಗೂದಿಲ್ಲ, ಅಂವಗ ಒಂದ ಹಿಡಿ. ಆಚಿಮನಿಯವನ ಮಗ್ಗದ ಬಾಚಣಿಗಿ ಮುರದೈತಿ, ಅದು ತಯಾರಾಗೂದ್ರಾಗ ಎರಡು ದಿನ, ಅಂವಗೂ ಒಂದ. ನಂದೂ ಒಂದ, ಸಣ್ಣ ಕೆಲಸದ ಗೋಮಿ ದಡಿ ಕೇಳ್ಯಾರ ಪಟ್ಟಿ ಮ್ಯಾಲಿನವರು, ನೋಡಿಲ್ಲಿ, ಅದು ಓಡೂದಿಲ್ಲ.”

“ಅಂದ್ರ?”

“ಒಂಬತ್ತು ಅನ್ನು. ಒಂಬತ್ತರ ಮ್ಯಾಲ ಒಂದು ಬರದ್ರೂ ಅದು ಸುಳ್ಳ.”

“ಹದಿನಾಕ ಆತು.”

“ಹದಿನಾಕ. ಉಳದ ಮೂವರಿಗೆ ಸಂಕ್ರಾಂತಿ ಅಂತ ಈಗ ಹೇಳಿಬಿಡು. ಆಮ್ಯಾಲ ಬಾಯಿ ಬಾಯಿ ಬಿಡಬ್ಯಾಡ.”

ಮಹಾನಂದಾ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಇಬ್ಬರಿಗೂ ನಗು ಬರುತ್ತಿತ್ತು, ಅವನು ಎಚ್ಚರಾಗುತ್ತಿದ್ದ. ಮೂರು ಹೆಸರಿನ ಮೇಲೆ ಗೀಟು ಎಳೆದು ಕೆಳಗೆ ಬರೆದಳು. ಅವನು ಎದ್ದು ಮಣ್ಣಿನ ಬುಟ್ಟಿಯನ್ನು ಹಿತ್ತಲಿಗೆ ಒಯ್ದ, ಅಲ್ಲಿಂದಲೇ ಓಣಿಯ ಆಚೆ ಬದಿಯವನನ್ನು ಕೂಗಿ ಬಾಚಣಿಗೆ ಏನಾಯಿತೆಂದು ಕೇಳಿದ.

“ತಂಗಿ,” ಅಂದೆ, “ಸಂಕ್ರಾಂತಿ ಪಟ್ಟಿಯಾಗ ನಮ್ಮ ಅಂಗಡಿಗೆ ಒಂದ ಹತ್ತು ಬರಕೋ. ಗಂಟಲ ಸ್ವಲ್ಪ ಸುಧಾರಿಸೇತಿ.”

“ಬರಕೋತೀನ್ರಿ. ಮೂವತ್ತರ ಕೆಳಗ ಬರ್ತೀರಿ, ನಿಮ್ಮ ಪಾಳಿ ಬಂದಾಗ ಹೇಳ್ತೀನಿ. ರಿಯಾಯಿತಿ ಇಲ್ಲ.”

“ಹಳೇ ಸಾವ್ಕಾರಗೂ ಇಲ್ಲಾ?”

“ಹಳೇ ಸಾವ್ಕಾರ್ರಿಗೆ ಹೋಳಿಗಿ ಐತ್ರಿ, ತುಪ್ಪ ಹಾಕಿ ಕೊಡ್ತೀನಿ. ಅದರ ಮದಲ ಫೋನ್ ಕೊಡ್ರಿ, ಆ ಮೂವರಿಗೆ ಹೇಳಬೇಕು.”

ಫೋನು ಕೊಟ್ಟೆ. ಪೆಟ್ಟಿಗೆಯ ಮೇಲೆಯೇ ಕೂತು ಬರೆದಳು: ‘ಯಕ್ಕಾ, ಹುಣ್ಣಿವಿಗೆ ಅಂತ ಹೇಳಿದ್ದೆ, ಆಗೂದಿಲ್ಲ. ನಮ್ಮನಿಯವರು ಮಗ್ಗದ ದಿನ ಎಣಿಸಿ ಹೇಳ್ಯಾರ. ನಿಮ್ಮದು ಸಂಕ್ರಾಂತಿಗೆ.’